‘ದ್ಯಾನ್’ ಆದ ಮೇಲೆ ಬಂದದ್ದು ಮೊದಲು

ಹದಿನೇಳು ಎಂದು ಬರೆದು ನಿಲ್ಲಿಸಿದೆ. ಹದಿನೇಳೇ ಎಂದು ನನಗೆ ಹೇಗೆ ಗೊತ್ತು? ಬಾಯಿಗೆ ಬರುತ್ತದೆ, ಅಷ್ಟೆ. ವೈನಿಯ ತಪ್ಪಿನ ಪುಸ್ತಕದಲ್ಲಿ ಒಂದೇ ಜಾತಿಯ ತಪ್ಪುಗಳು ಹದಿನೇಳು ಇದ್ದವು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಯಾರಿಗೆ ಹೇಳಿದೆ ಎಂಬುದೂ ಸ್ಪಷ್ಟವಿಲ್ಲ. ಬಹುಶಃ ನನಗೇ. ಎಣಿಸಿದ್ದು ನಿಜ. ಎಣಿಸುವಾಗ ಪೆನ್ಸಿಲ್ಲಿನಿಂದ ಒಂದೊಂದು ಸಾಲಿನ ಪಕ್ಕಕ್ಕೂ ಚುಕ್ಕೆ ಇಟ್ಟಿದ್ದೂ ನಿಜ. ಆದರೆ ಆ ಪುಸ್ತಕ ಈಗ ಇಲ್ಲ. ಹನ್ನೊಂದು ಇದ್ದಿರಬಹುದು. ಇಪ್ಪತ್ತೂ ಇರಬಹುದು. ಹದಿನೇಳು ಎಂಬುದು ನಂಬುವಂತೆ ಕೇಳಿಸುವ ಸಂಖ್ಯೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ಎಂಬತ್ತರ ದಶಕದ ಆರಂಭದ ವರ್ಷಗಳು. ಯಶವಂತಪುರದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂಬದಿಗೆ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ. ಅಣ್ಣ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ, ನಮ್ಮ ಗದಗಿನ ಕಡೆಯ ಮಾತಿನಲ್ಲಿ ವೈನಿ, ಮದುವೆಗೆ ಮುಂಚೆ ಬಿ.ಎ. ಮುಗಿಸಿದ್ದವರು. ನಾನು ಬಿ.ಕಾಂ. ಮುಗಿಸಿ ಊರಿನಿಂದ ಬಂದು ಅವರ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡವನು. ವೈನಿ, ನಾನು ಇಬ್ಬರೂ ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಓದುತ್ತಿದ್ದೆವು.

ನನಗೆ ಇಪ್ಪತ್ತೆರಡು. ಈ ಸಲ ಆಗದಿದ್ದರೆ ಮುಂದಿನ ಸಲ, ಅದೂ ಆಗದಿದ್ದರೆ ಅದರ ಮುಂದಿನದು. ವೈನಿಗೆ ಇಪ್ಪತ್ತಾರು ತುಂಬುವುದರಲ್ಲಿತ್ತು. ಅರ್ಜಿ ಹಾಕುವ ವಯಸ್ಸಿನ ಮಿತಿ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಸಲ ಬರೆದು ಎರಡು ಸಲವೂ ಆಗಿರಲಿಲ್ಲ. ಇದು ಮೂರನೆಯದು, ಮತ್ತೆ ಬರೆಯುವಂತಿಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಣ್ಣ ಮಾತ್ರ ಒಮ್ಮೆ ಊಟ ಮಾಡುತ್ತ, ತಟ್ಟೆಯಿಂದ ತಲೆಯೆತ್ತದೆ, ‘ಆದ್ರ ಆತು, ಇಲ್ಲಂದ್ರ ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ’ ಅಂದ. ವೈನಿ ‘ರೊಟ್ಟಿ ಓಡಿ ಹೋಗಂಗಿಲ್ಲಂತನ ಬರಿಯಾಕ ಹತ್ತೀನಿ’ ಅಂದರು. ಅಣ್ಣ ನಕ್ಕ. ನಾನೂ ನಕ್ಕೆ. ಅವರು ನಕ್ಕರೋ ಇಲ್ಲವೋ ಗೊತ್ತಿಲ್ಲ. ಅವರು ಒಲೆಯ ಕಡೆ ತಿರುಗಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಆರ್‌.ಟಿ. ನಗರದಲ್ಲಿ ಒಂದು ಮಹಡಿ ಮೇಲಿನ ಟ್ಯುಟೋರಿಯಲ್ಲಿಗೆ ಹೋಗುತ್ತಿದ್ದೆವು. ಯಾವುದೋ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಸಾರ್ ಅಲ್ಲಿ ಮಾದರಿ ಪರೀಕ್ಷೆ ನಡೆಸುತ್ತಿದ್ದರು. ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನೆಪತ್ರಿಕೆ, ಇಂಗ್ಲಿಷಿನಲ್ಲಿ, ನಿಜವಾದ ಪರೀಕ್ಷೆಯಲ್ಲಿ ಇರುವ ಹಾಗೆಯೇ. ಒಂದು ಪ್ರಶ್ನೆಗೆ ಐದು ಉತ್ತರ, ಅದರಲ್ಲಿ ಒಂದಕ್ಕೆ ಪೆನ್ಸಿಲ್ ಗೆರೆ. ಕೈಗೆ ಮಸಿ ಅಂಟುತ್ತಿತ್ತು. ಮುಗಿದ ಮೇಲೆ ಸಾರ್ ಉತ್ತರಗಳನ್ನು ಓದಿ ಹೇಳುತ್ತಿದ್ದರು, ನಮ್ಮ ಹಾಳೆಗೆ ನಾವೇ ಕೆಂಪು ಹಾಕಿಕೊಳ್ಳುತ್ತಿದ್ದೆವು.

ತಪ್ಪಿನ ಪುಸ್ತಕ ಇಡಿ ಎಂದವರು ಅವರೇ. ಎಷ್ಟು ಸರಿ ಆಯಿತು ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಪುಸ್ತಕ ತೋರಿಸಿ ಅನ್ನುತ್ತಿದ್ದರು. ಯಾವ ಪರೀಕ್ಷೆ, ಎಷ್ಟನೇ ಪ್ರಶ್ನೆ, ನೀವು ಹಾಕಿದ್ದು, ಸರಿಯಾದದ್ದು, ಕೊನೆಯಲ್ಲಿ ‘ಯಾಕೆ’. ಐದು ಮನೆ. ನಾಲ್ಕು ಮನೆಗಳನ್ನು ತುಂಬುವುದು ಸುಲಭ. ಐದನೆಯದರಲ್ಲಿ ವೈನಿ ಎಲ್ಲ ಕಡೆಗೂ ಒಂದೇ ಪದ ಬರೆದಿದ್ದರು: ಗಡಿಬಿಡಿ.

ಸಾರ್ ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು.

‘ಏನಮ್ಮಾ ಇದು, ಗಡಿಬಿಡಿ, ಗಡಿಬಿಡಿ, ಗಡಿಬಿಡಿ. ಗಡಿಬಿಡಿ ಅಂತ ಸಿಲಬಸ್ಸಲ್ಲಿ ಒಂದು ಪಾಠ ಇದ್ಯಾ? ನಾಳೆ ರಿವಿಷನ್‌ಗೆ ಕೂತ್ರೆ ಯಾವ ಪುಸ್ತಕ ತೆಗೀತೀರ?’

ಹಿಂದೆ ಕೂತಿದ್ದವರು ನಕ್ಕರು. ‘ಗಡಿಬಿಡಿಗೆ ಗೈಡ್ ಸಿಗುತ್ತೆ ಸಾರ್, ಅವೆನ್ಯೂ ರೋಡಲ್ಲಿ’ ಎಂದ ಒಬ್ಬ.

‘ನಿನ್ ಪುಸ್ತಕದಲ್ಲಿ ಐದನೇ ಮನೆ ಖಾಲಿನೇ ಇದೆ ಮಗಾ, ಮೊದಲು ಅದ್ಕೆ ಗೈಡ್ ತಗೋ’ ಎಂದು ಸಾರ್ ಅವನ ಕಡೆ ನೋಡದೆಯೇ ಹೇಳಿದರು. ಆಮೇಲೆ ವೈನಿಗೆ: ‘ನೋಡಮ್ಮ, ತಪ್ಪಾಗಿರೋ ಲೆಕ್ಕಾನ ಉತ್ತರ ಮುಚ್ಚಿಟ್ಟು ಇನ್ನೊಂದ್ ಸಲ ಮಾಡಿ. ಈಗ್ಲೂ ಬರ್ಲಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಅರ್ಥ, ಪುಸ್ತಕಕ್ಕೆ ಹೋಗಿ. ಟೈಮ್ ಸಾಲ್ದೆ ಕುರುಡಾಗಿ ಗೆರೆ ಎಳೆದಿದ್ರೆ ಗಡಿಯಾರ ಇಟ್ಕೊಂಡು ಪ್ರಾಕ್ಟೀಸ್ ಮಾಡಿ. ಗೊತ್ತಿತ್ತು, ಟೈಮೂ ಇತ್ತು, ಆದ್ರೂ ತಪ್ಪಾಯ್ತಲ್ಲ, ಅವನ್ನ ಬೇರೆ ಇಡಿ. ಅಲ್ಲಿ ಓದೋವಾಗ ಏನೋ ತಿರುಗಾಮುರುಗಾ ಆಗಿರುತ್ತೆ. ಏನು ಅಂತ ಹುಡುಕಿ. ಜಾಸ್ತಿ ಸಲ ಬಂದಿರೋದು ಮೇಲೆ, ಕಮ್ಮಿ ಬಂದಿರೋದು ಕೆಳಗೆ, ಒಂದೇ ಒಂದು ಹಾಳೆ, ಒಂದೇ ಮಗ್ಗುಲು. ಎರಡನೇ ಮಗ್ಗುಲಿಗೆ ಹೋಯ್ತು ಅಂದ್ರೆ ನೀವು ಪುಸ್ತಕಾನೇ ನಕಲು ಮಾಡ್ತಿದೀರ ಅಂತ ಲೆಕ್ಕ.’

ಇದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಹೇಳಿದರೇ? ನಾಲ್ಕಾರು ಭಾನುವಾರಗಳಲ್ಲಿ ಹೇಳಿದ್ದನ್ನು ನಾನು ಒಂದೇ ಭಾನುವಾರಕ್ಕೆ ಹೊಲಿದಿರಬೇಕು. ಇರಲಿ, ಹೇಳಿದ್ದು ಇದನ್ನೇ.

ವಾಪಸು ಬರುವ ದಾರಿಯಲ್ಲಿ ವೈನಿ ಮೇಖ್ರಿ ಸರ್ಕಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ‘ನೀ ಬಿ.ಕಾಂ. ಅಲ್ಲ, ಮನೆ ಹಾಕಿ ಕೂಡಿಸೋದು ನಿನಗ ಬರ್ತೈತಿ. ನನ್ನ ಹಾಳಿ ನೀನ ಮಾಡಿ ಕೊಡು’ ಅಂದರು.

ಮಾಡಿಕೊಟ್ಟೆ. ಮೊದಲು ಮಾಡಿದ್ದು ದಡ್ಡ ಕೆಲಸ. ಸಾರ್ ಹೇಳಿದ್ದು ಕಿವಿಗೆ ಬಿದ್ದಿತ್ತು, ಕೈಗೆ ಬಂದಿರಲಿಲ್ಲ. ನಾಲ್ಕು ಪರೀಕ್ಷೆಗಳ ತಪ್ಪುಗಳನ್ನು ಪಾಠದ ಪ್ರಕಾರ ವಿಂಗಡಿಸಿದೆ. ಶೇಕಡಾ ಇಷ್ಟು, ವಯಸ್ಸಿನ ಲೆಕ್ಕ ಇಷ್ಟು, ಎತ್ತರದ ಪ್ರಕಾರ ಸಾಲು ಹಚ್ಚುವುದು ಇಷ್ಟು, ದಿಕ್ಕು, ಸ್ಪೆಲಿಂಗ್. ಶೇಕಡಾ ಎಲ್ಲಕ್ಕಿಂತ ಮೇಲೆ ಬಂತು. ಹಾಳೆಯ ತುಂಬ ಶೇಕಡಾದ ಸೂತ್ರಗಳನ್ನು ಬರೆದೆ. ವೈನಿ ಒಂದು ವಾರ ಮಧ್ಯಾಹ್ನವೆಲ್ಲ ಅದನ್ನು ಉರು ಹೊಡೆದರು. ಮುಂದಿನ ಭಾನುವಾರ ಶೇಕಡಾದಲ್ಲಿ ಅಷ್ಟೇ ತಪ್ಪು. ಒಂದು ಹೆಚ್ಚೇ ಇತ್ತೇನೋ.

ಅದು ವಿಚಿತ್ರವಾಗಿತ್ತು, ಯಾಕೆಂದರೆ ಶೇಕಡಾ ಅವರಿಗೆ ಬರುತ್ತಿತ್ತು. ನನಗಿಂತ ಬೇಗ ಬರುತ್ತಿತ್ತು. ನಾನು ಕಾಗದದ ಮೇಲೆ ಭಾಗಿಸುವಷ್ಟರಲ್ಲಿ ಅವರು ರೊಟ್ಟಿ ತಿರುವುತ್ತ ಉತ್ತರ ಹೇಳುತ್ತಿದ್ದರು.

ಇಲ್ಲಿಂದ ಮುಂದಿನದನ್ನು ಎರಡು ರೀತಿಯಲ್ಲಿ ಬರೆಯಬಲ್ಲೆ. ಒಂದರಲ್ಲಿ ನಾನು ಬುದ್ಧಿವಂತ: ಪುಸ್ತಕ ನೋಡುತ್ತ ನೋಡುತ್ತ ನನಗೆ ಥಟ್ಟನೆ ಹೊಳೆಯುತ್ತದೆ. ಇನ್ನೊಂದರಲ್ಲಿ ವೈನಿ ತಪ್ಪಾಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ, ನಾನು ಸುಮ್ಮನೆ ಕೂತಿರುತ್ತೇನೆ. ಎರಡನೆಯದೇ ಸರಿ ಇರಬೇಕು. ಗಟ್ಟಿಯಾಗಿ ಓದಿದ್ದಂತೂ ಖಂಡಿತ, ಯಾಕೆಂದರೆ ಮನೆ ಒಡತಿ, ಅಲ್ಲಿನ ಹಳೆಯ ಒಕ್ಕಲು ಮನೆತನದ ಹೆಂಗಸು, ಹಾಲು ಕೊಡಲು ಬಂದು ಬಾಗಿಲಲ್ಲೇ ನಿಂತು ಕೇಳಿದ್ದರು.

‘ಇದೇನವ್ವಾ, ಇಂಗೆ ಮಟ ಮಟ ಮದ್ಯಾನ ಇಬ್ರೂ ಕೂತ್ಕಂಡು ಮಂತ್ರ ಏಳ್ತಾ ಇವ್ರೀ?’

‘ಮಂತ್ರ ಅಲ್ರೀ, ಲೆಕ್ಕ’ ಎಂದರು ವೈನಿ.

‘ಲೆಕ್ಕವಾ? ಲೆಕ್ಕ ಬಾಯಲ್ ಏಳಿದ್ರೆ ಬತ್ತದಾ? ಹಾಲ್ ತಕ್ಕಳಿ, ಕೆಡ್ತದೆ.’

ವೈನಿ ಹಾಲು ಒಳಗಿಟ್ಟು ಬಂದು ಮತ್ತೆ ಓದಿದರು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಎ ಎಂಬುವನ ತೂಕ ಬಿ ಎಂಬುವನ ತೂಕಕ್ಕಿಂತ ಇಪ್ಪತ್ತೈದು ಪರ್ಸೆಂಟ್ ಹೆಚ್ಚು. ಹಾಗಾದರೆ ಬಿಯ ತೂಕ ಎಯ ತೂಕಕ್ಕಿಂತ ಎಷ್ಟು ಪರ್ಸೆಂಟ್ ಕಡಿಮೆ? ಕನ್ನಡದಲ್ಲಿ ಹೇಳುವಾಗ ‘ಬಿಗಿಂತ’ ಎಂಬುದನ್ನು ಮೊದಲೋ ನಡುವೆಯೋ ಎಲ್ಲಾದರೂ ಸಿಕ್ಕಿಸಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಎ ಮೊದಲು ಬರುತ್ತದೆ, ಬಿ ಬರುವುದು ಕೊನೆಯಲ್ಲಿ, ‘ದ್ಯಾನ್’ (than) ಎಂಬ ಸಣ್ಣ ಪದದ ಬೆನ್ನಿಗೆ. ವೈನಿ ಮೊದಲು ಕಂಡ ಎಯನ್ನೇ ನೂರು ಎಂದು ಹಿಡಿದರು. ಎ ನೂರು, ಬಿ ಎಪ್ಪತ್ತೈದು. ಉತ್ತರ ಇಪ್ಪತ್ತೈದು. ಹಾಗಲ್ಲ. ಯಾವುದಕ್ಕಿಂತ ಹೆಚ್ಚು ಎಂದಿದ್ದಾರೋ ಅದು ನೂರು. ಬಿ ನೂರು, ಎ ನೂರಿಪ್ಪತ್ತೈದು. ನೂರಿಪ್ಪತ್ತೈದಕ್ಕೆ ಇಪ್ಪತ್ತೈದು ಕಡಿಮೆ, ಅಂದರೆ ಇಪ್ಪತ್ತು ಪರ್ಸೆಂಟ್.

‘ದ್ಯಾನ್ ಎಲ್ಲೈತಿ ನೋಡ್ರಿ ವೈನಿ’ ಎಂದೆ.

‘ಅಯ್ಯ, ಇದೊಂದು ಪದ. ಇದನ್ನ ಯಾರು ನೋಡ್ತಾರ?’

ಆಮೇಲೆ ಸಾಲು ಹಚ್ಚುವ ಪ್ರಶ್ನೆ ತೆಗೆದೆವು. ಐದು ಜನ. ಎ ಬಿಗಿಂತ ಎತ್ತರ, ಸಿ ಡಿಗಿಂತ ಕುಳ್ಳ, ಹೀಗೆ ನಾಲ್ಕೈದು ವಾಕ್ಯಗಳು; ಎಲ್ಲರಿಗಿಂತ ಎತ್ತರ ಯಾರು? ವೈನಿ ಮೇಲಿನಿಂದ ಕೆಳಗೆ ಬರೆಯುತ್ತಿದ್ದರು, ಎತ್ತರದವರು ಮೇಲೆ. ಇಂಗ್ಲಿಷ್ ವಾಕ್ಯವನ್ನು ಕಣ್ಣಲ್ಲಿ ಓದಿ, ಬಾಯಲ್ಲಿ ಕನ್ನಡ ಮಾಡಿಕೊಳ್ಳುತ್ತಿದ್ದರು, ‘ಬಿಗಿಂತ ಎ ಎತ್ತರ’. ಬಾಯಿಗೆ ಬಿ ಮೊದಲು ಬರುತ್ತಿತ್ತು, ಕೈ ಬಿಯನ್ನು ಮೊದಲು ಬರೆಯುತ್ತಿತ್ತು, ಅಂದರೆ ಮೇಲೆ. ಅದರ ಕೆಳಗೆ ಎ. ಒಂದು ಕೊಂಡಿ ತಲೆಕೆಳಗಾದರೆ ಸಾಲೇ ಕೆಡುತ್ತದೆ. ಎಲ್ಲ ಸಲವೂ ಹೀಗಾಗುತ್ತಿರಲಿಲ್ಲ. ನಾಲ್ಕಕ್ಕೆ ಒಂದು ಸಲ ಆಗುತ್ತಿತ್ತು. ಸಾಲು ಕೆಡಲು ಒಂದು ಸಾಕು.

ವಯಸ್ಸಿನ ಲೆಕ್ಕ ನೋಡಿದೆವು. ಅಲ್ಲೂ ದ್ಯಾನ್. ನಾನು ಪೆನ್ಸಿಲ್ ಹಿಡಿದು ಪುಸ್ತಕದ ಮೊದಲಿನಿಂದ ಚುಕ್ಕೆ ಇಡುತ್ತ ಬಂದೆ. ಶೇಕಡಾದ ತಪ್ಪು, ವಯಸ್ಸಿನ ತಪ್ಪು, ಸಾಲಿನ ತಪ್ಪು ಎಂದು ಮೂರು ಪಾಠಗಳಲ್ಲಿ ಹಂಚಿಹೋಗಿದ್ದವು. ಮೂರೂ ಒಂದೇ ಪದದಿಂದ ಆದವು. ಆಗ ನನಗೆ ಬಹಳ ಸಂತೋಷವಾಯಿತು ಎಂದು ಬರೆಯಬೇಕು. ಆಗಿರಬಹುದು. ವೈನಿ ಚುಕ್ಕೆಗಳನ್ನು ನೋಡಿ, ‘ಅಂದ್ರ ನನಗ ಲೆಕ್ಕ ಬರ್ತೈತಿ’ ಅಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ‘ಬರ್ತೈತಿ’ ಎಂದೆ. ಎರಡು ಸಲ ಪರೀಕ್ಷೆ ಕಳೆದುಕೊಂಡವರು, ತಮಗೆ ಲೆಕ್ಕವೇ ಬರುವುದಿಲ್ಲವೆಂದು ನಾಲ್ಕೈದು ವರ್ಷ ನಂಬಿದ್ದವರು. ಅವರ ಮುಖದಲ್ಲಿ ಏನಾಯಿತು ಎಂದು ನಾನು ಆಗ ನೋಡಿರಲಿಲ್ಲ. ಚುಕ್ಕೆ ಎಣಿಸುತ್ತಿದ್ದೆ.

ಹೊಸ ಹಾಳೆ ಬರೆಯಲು ಕೂತೆ. ಎಲ್ಲಕ್ಕಿಂತ ಮೇಲೆ ದ್ಯಾನ್. ಮೊದಲು ನಾನು ಬರೆದದ್ದು ಹೀಗೆ: ದ್ಯಾನ್ ಎಂಬ ಪದದ ನಂತರ ಬರುವುದನ್ನು ಮೊದಲು ಬರೆದುಕೊಂಡು, ಅದನ್ನೇ ಆಧಾರವಾಗಿ ಇಟ್ಟುಕೊಂಡು, ಹೆಚ್ಚೋ ಕಡಿಮೆಯೋ ನೋಡಿ, ಇನ್ನೊಂದನ್ನು ಅದರ ಮೇಲೆ ಅಥವಾ ಕೆಳಗೆ ಇಡಬೇಕು.

‘ಇಷ್ಟುದ್ದ ಯಾರು ಓದ್ತಾರೋ ತಮ್ಮಾ? ಅಲ್ಲಿ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಿಗಂಗಿಲ್ಲ. ನೀ ಪುರಾಣ ಬರದೀ.’

‘ಪುರಾಣ ಅಲ್ರೀ, ನಿಯಮ.’

‘ನಿಯಮ ಅಂದ್ರ ಕಂಡಕ್ಟರ್ ಹೇಳಿದಂಗ ಇರಬೇಕು. ಮುಂದ ಹೋಗ್ರಿ, ಮುಂದ ಹೋಗ್ರಿ. ಅಷ್ಟ.’

ಕಡಿಮೆ ಮಾಡಿದೆವು. ಕಡಿಮೆ ಮಾಡಿದೆ ಎಂದು ಬರೆಯಬೇಕೋ, ಮಾಡಿದೆವು ಎಂದೋ, ಮಾಡಿದರು ಎಂದೋ, ಇಲ್ಲಿ ನಾನು ಎಷ್ಟು ಹೊತ್ತು ಕೂತರೂ ಬಗೆಹರಿಯುವುದಿಲ್ಲ. ನೆನಪು ನಾನೇ ಅನ್ನುತ್ತದೆ. ಅವರೇ ಎಂದು ನೆನಪಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅನುಕೂಲವಲ್ಲದ್ದನ್ನು ನೆನಪು ಹೇಳುತ್ತಿದೆ ಎಂದ ಮಾತ್ರಕ್ಕೆ ಅದು ನಿಜವಾಗಬೇಕಾಗಿಯೂ ಇಲ್ಲ. ತನ್ನನ್ನು ತಾನೇ ಬೈದುಕೊಳ್ಳುವುದರಲ್ಲೂ ಒಂದು ಸುಖವಿದೆ. ಅಕ್ಷರ ಮಾತ್ರ ನನ್ನದು. ದಪ್ಪಗೆ, ಎರಡು ಸಲ ತಿದ್ದಿ ಬರೆದೆ:

‘ದ್ಯಾನ್’ ಆದ ಮೇಲೆ ಬಂದದ್ದು ಮೊದಲು.

ಐದೇ ಪದ. ಅದರ ಕೆಳಗೆ ಇನ್ನೂ ಮೂರ್ನಾಲ್ಕು ಸಾಲುಗಳಿದ್ದವು. ‘ನಾಟ್’ ಕಂಡರೆ ಅಡಿಗೆರೆ. ಉತ್ತರದ ಹಾಳೆಯಲ್ಲಿ ಹತ್ತಕ್ಕೊಮ್ಮೆ ಪ್ರಶ್ನೆಯ ನಂಬರು ತಾಳೆ ನೋಡು. ಗೊತ್ತಿಲ್ಲದ ಆರು ಸ್ಪೆಲಿಂಗ್. ಒಂದೇ ಮಗ್ಗುಲು. ಸಾರ್ ಹೇಳಿದ ಹಾಗೆಯೇ.

ಆ ಭಾನುವಾರ ಪರೀಕ್ಷೆಗೆ ಮುಂಚಿನ ಕೊನೆಯ ಮಾದರಿ. ಸಾರ್ ಮುಖ ಸಣ್ಣ ಮಾಡಿಕೊಂಡು ಒಂದೇ ಹಾಳೆ ಹಂಚಿದರು. ‘ಎರಡನೇ ಸ್ಟೆನ್ಸಿಲ್ ಹರಿದೋಯ್ತು ಕಣ್ರೀ. ಇವತ್ತು ಬರೀ ಲೆಕ್ಕ. ರೀಸನಿಂಗ್ ಇಲ್ಲ. ಹಳೇದನ್ನೇ ಮನೇಲಿ ಮಾಡ್ಕೊಳ್ಳಿ.’ ಸಾಲು ಹಚ್ಚುವುದು ರೀಸನಿಂಗ್‌ನಲ್ಲಿ ಬರುತ್ತಿತ್ತು. ಬರೀ ಲೆಕ್ಕದಲ್ಲಿ ವೈನಿಗೆ ದ್ಯಾನ್ ಇದ್ದ ಪ್ರಶ್ನೆ ಒಂದೂ ತಪ್ಪಲಿಲ್ಲ. ಶೇಕಡಾ ಎಲ್ಲ ಸರಿ. ವಯಸ್ಸೂ ಸರಿ. ಸಾರ್ ನಮ್ಮ ಹಾಳೆಯನ್ನು ತೆಗೆದುಕೊಂಡು ಮೇಲಿನ ಸಾಲು ಓದಿದರು.

‘ಚೆನ್ನಾಗಿದೆ. ಯಾರ್ ಮಾಡಿದ್ದು?’

‘ನಮ್ಮ ಮೈದುನ’ ಎಂದರು ವೈನಿ.

‘ನಿಮ್ದಾಯ್ತು, ಅವನ ಹಾಳೆ ಎಲ್ಲಿ?’

ನಾನು ನನ್ನದನ್ನು ಮಾಡಿರಲಿಲ್ಲ. ನನ್ನ ತಪ್ಪುಗಳು ಅಲ್ಲೊಂದು ಇಲ್ಲೊಂದು ಇದ್ದವು, ಒಂದು ಗುಂಪಿಗೆ ಸೇರುತ್ತಿರಲಿಲ್ಲ. ಹಳೆಯ ಸಾಲಿನ ಪ್ರಶ್ನೆಗಳನ್ನು ಮನೆಯಲ್ಲಿ ಮಾಡಿ ನೋಡಿದೆವೇ? ವೈನಿ ಎರಡು ಮಾಡಿದರು. ಅವುಗಳ ಉತ್ತರ ಅವರಿಗೆ ಬಾಯಿಪಾಠವಾಗಿತ್ತು, ಆದ್ದರಿಂದ ಸರಿ ಬಂದವು. ಸರಿ ಬಂದವು ಎಂದು ನಾನು ಮುಂದಕ್ಕೆ ಹೋದೆ. ಹೊಸ ಪ್ರಶ್ನೆ ಒಂದನ್ನು ನಾನೇ ಕಟ್ಟಿಕೊಡಬಹುದಿತ್ತು. ಐದು ಅಕ್ಷರ, ನಾಲ್ಕು ವಾಕ್ಯ. ಹತ್ತು ನಿಮಿಷದ ಕೆಲಸ.

ಪರೀಕ್ಷೆ ಹೆಬ್ಬಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ. ಬೇರೆ ಬೇರೆ ಕೋಣೆ. ಗೇಟಿನ ಹೊರಗೆ ವೈನಿ ಹಾಳೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿ, ಮಡಿಸಿ, ಪರ್ಸಿನೊಳಗೆ ಹಾಕಿಕೊಂಡರು. ‘ಆದ ಮೇಲೆ ಬಂದದ್ದು ಮೊದಲು, ಆದ ಮೇಲೆ ಬಂದದ್ದು ಮೊದಲು’ ಎಂದು ಗೊಣಗುತ್ತ ಒಳಗೆ ಹೋದರು.

ನನ್ನ ಪ್ರಶ್ನೆಪತ್ರಿಕೆಯಲ್ಲಿ ಸಾಲು ಹಚ್ಚುವ ಪ್ರಶ್ನೆಗಳು ಬಹಳ ಇದ್ದವು. ಎಷ್ಟು ಎಂದು ಹೇಳುವುದಿಲ್ಲ. ಹೇಳಿದರೆ ಅದೂ ಹದಿನೇಳಿನಂಥದೇ ಆಗುತ್ತದೆ. ಬಹಳ. ಒಂದು ವರ್ಣನೆ ಕೊಟ್ಟು ಅದರ ಮೇಲೆ ನಾಲ್ಕೈದು ಪ್ರಶ್ನೆ, ಮತ್ತೊಂದು ವರ್ಣನೆ, ಅದರ ಮೇಲೆ ನಾಲ್ಕೈದು. ಮೊದಲ ಸಾಲು ತಪ್ಪಿದರೆ ಅದರ ಮೇಲಿನವೆಲ್ಲ ಹೋದವು. ನಾನು ಮಾಡಿದೆ. ನನಗೆ ಅದು ಕಷ್ಟವಿರಲಿಲ್ಲ.

ವಾಪಸು ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಟಿಕೇಟಿಗೆಂದು ವೈನಿ ಪರ್ಸು ತೆಗೆದಾಗ ಹಾಳೆಯೂ ಈಚೆ ಬಂತು. ‘ತಗೋ, ನಿನ್ನ ಪುರಾಣ’ ಎಂದು ನಗುತ್ತ ಕೊಟ್ಟರು. ನಾನು ಬಿಡಿಸಿದೆ. ನನ್ನ ದಪ್ಪ ಅಕ್ಷರದ ಪಕ್ಕ, ಅಂಚಿನಲ್ಲಿ, ಅವರು ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಏಣಿ ಬರೆದಿದ್ದರು. ಏಣಿಯ ಪಕ್ಕ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಎ ಬಿಗಿಂತ ಎತ್ತರ ಎಂಬುದು. ದ್ಯಾನ್ ಎಂಬುದರ ಕೆಳಗೆ ಗೆರೆ. ಬಿಯಿಂದ ಒಂದು ಬಾಣ ಹೊರಟು ಏಣಿಯ ಮೇಲಿನ ಮೆಟ್ಟಿಲಿಗೆ ಹೋಗಿತ್ತು. ಮೇಲಿನ ಮೆಟ್ಟಿಲಿನಲ್ಲಿ ಬಿ. ಕೆಳಗಿನ ಮೆಟ್ಟಿಲಿನಲ್ಲಿ ಎ.

ಮೊದಲು. ನಾನು ಬರೆದದ್ದು, ಮೊದಲು ಅದನ್ನು ತೆಗೆದುಕೊಳ್ಳಿ, ಆಮೇಲೆ ಇನ್ನೊಂದನ್ನು ಅದರ ಮೇಲೋ ಕೆಳಗೋ ಇಡಿ ಎಂಬ ಅರ್ಥದಲ್ಲಿ. ಸಾಲಿನಲ್ಲಿ ಮೊದಲು ಅಂದರೆ ಏನು? ಕ್ಲಾಸಿಗೆ ಮೊದಲು ಅಂದರೆ ಏನೋ ಅದೇ. ಎಲ್ಲರಿಗಿಂತ ಮೇಲೆ.

ಇನ್ನೊಂದು ವಿಷಯ ಆಗಲೇ ತಿಳಿಯಿತೋ, ವರ್ಷಗಳ ಮೇಲೆ ತಿಳಿಯಿತೋ. ತಪ್ಪುಗಳು ಒಂದೇ ಜಾತಿಯವು ಆಗಿರಲಿಲ್ಲ. ಶೇಕಡಾದಲ್ಲಿ ಅವರು ಇಂಗ್ಲಿಷಿನ ಕ್ರಮಕ್ಕೆ ಕಟ್ಟುಬಿದ್ದು ಎಯನ್ನು ಹಿಡಿಯುತ್ತಿದ್ದರು. ಸಾಲಿನಲ್ಲಿ ಕನ್ನಡದ ಕ್ರಮಕ್ಕೆ ಕಟ್ಟುಬಿದ್ದು ಬಿಯನ್ನು ಹಿಡಿಯುತ್ತಿದ್ದರು. ಎರಡರಲ್ಲೂ ದ್ಯಾನ್ ಇತ್ತು ಅಷ್ಟೆ. ತಪ್ಪು ಒಂದಕ್ಕೊಂದು ಎದುರು ದಿಕ್ಕಿನದು. ನಾನು ಎರಡಕ್ಕೂ ಒಂದೇ ಚುಕ್ಕೆ ಇಟ್ಟು, ಕೂಡಿಸಿ, ಒಂದೇ ನಿಯಮ ಬರೆದೆ. ಆ ನಿಯಮ ಶೇಕಡಾದ ತಪ್ಪನ್ನು ತಿದ್ದಿತು. ಸಾಲಿನ ತಪ್ಪಿಗೆ, ಆ ಏಣಿಯ ಹಾಗೆ ಓದಿಕೊಂಡರೆ, ಅಪ್ಪಣೆ ಕೊಟ್ಟಿತು. ನಾಲ್ಕಕ್ಕೆ ಒಂದು ಸಲ ಆಗುತ್ತಿದ್ದದ್ದು ನಾಲ್ಕಕ್ಕೆ ನಾಲ್ಕು ಸಲವೂ ಆಗಬಹುದು.

‘ಸಾಲು ಹಚ್ಚೋವು ಬಂದಿದ್ವಲ್ರೀ, ಹೆಂಗ ಮಾಡಿದ್ರಿ?’ ಎಂದು ಕೇಳಿದೆ.

‘ಬಂದಿದ್ವು. ಭಾಳ ಬಂದಿದ್ವು. ಈ ಸಲ ಸುಲಭ ಅನ್ನಿಸಿದ್ವು ನೋಡು. ಟಕಾಟಕ್ ಮುಗಿಸಿದೆ.’

‘ಎಲ್ಲಾ?’

‘ಎಲ್ಲಾ. ಯಾಕ? ನಿನಗ ಬರಲಿಲ್ಲೇನು?’

‘ಬಂದ್ವು’ ಎಂದೆ.

ಕಿಟಕಿಯ ಹೊರಗೆ ಏನಿತ್ತು ಎಂದು ನೆನಪಿಲ್ಲ, ಬರೆಯುವುದೂ ಇಲ್ಲ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ವೈನಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು ಯಾವ ಬಣ್ಣದ ಸೀರೆ ಉಟ್ಟರೆ ಬೇಗ ಮಾಸುವುದಿಲ್ಲ ಎಂದು ಏನೋ ಹೇಳುತ್ತಿದ್ದರು, ಗೊರಗುಂಟೆಪಾಳ್ಯದ ಕಡೆಯ ಯಾವ ಅಂಗಡಿಯಲ್ಲಿ ಸಿಗುತ್ತವೆ ಎಂದು. ನಾನು ಹೂಂ ಅನ್ನುತ್ತಿದ್ದೆ. ಏಣಿಯನ್ನು ತೋರಿಸಿ ಕೇಳಬಹುದಿತ್ತು. ಇದನ್ನು ಹೀಗೇ ಬರೆದಿರಾ? ಕೇಳಿದ್ದರೆ ಪರೀಕ್ಷೆಯೇನೂ ಬದಲಾಗುತ್ತಿರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸರಿ. ಬದಲಾಗುತ್ತಿರಲಿಲ್ಲ.

ತಿಂಗಳುಗಳ ಮೇಲೆ ಫಲಿತಾಂಶ ಪತ್ರಿಕೆಯಲ್ಲಿ ಬಂತು. ಸಣ್ಣ ಅಕ್ಷರದಲ್ಲಿ ಬರೀ ನಂಬರುಗಳು, ಕಾಲಂ ಕಾಲಂ. ಅಣ್ಣ ಅಡಿಕೋಲು ಇಟ್ಟುಕೊಂಡು ಒಂದೊಂದೇ ಸಾಲು ಇಳಿಸುತ್ತ ನೋಡಿದ. ನನ್ನದು ಇತ್ತು. ವೈನಿಯದು ಇರಲಿಲ್ಲ. ಅಡಿಕೋಲನ್ನು ವೈನಿ ತೆಗೆದುಕೊಂಡು ಮತ್ತೆ ಮೇಲಿನಿಂದ ನೋಡಿದರು. ಅವರ ನಂಬರಿನ ಹಿಂದಿನದು ಇತ್ತು, ಮುಂದಿನದೂ ಇತ್ತು. ‘ನಡುವ ನನ್ನನ್ನ ಜಿಗಿದಾರ ನೋಡು’ ಎಂದರು. ಪತ್ರಿಕೆಯನ್ನು ಮಡಿಸಿ, ಅಣ್ಣನಿಗೆ ‘ಇವನ ಹೆಸರಿಗೆ ಏನಾರ ಸಿಹಿ ಮಾಡ್ಬೇಕಲ್ಲ, ರವಾ ಐತೇನು ನೋಡ್ರಿ’ ಎಂದರು. ಶಿರಾ ಮಾಡಿದರು. ನಾವು ಮೂವರೂ ತಿಂದೆವು. ಸಿಹಿ ಕಡಿಮೆಯಾಗಿದೆ ಎಂದು ಅಣ್ಣ ಅಂದ, ಆಗಿರಲಿಲ್ಲ.

ಅಂಕಗಳನ್ನು ಆಗ ಯಾರಿಗೂ ತಿಳಿಸುತ್ತಿರಲಿಲ್ಲ. ಯಾವ ಪ್ರಶ್ನೆ ಹೋಯಿತು, ಯಾವ ಭಾಗದಲ್ಲಿ ಎಷ್ಟು ಬಂತು, ಎಷ್ಟಕ್ಕೆ ತಪ್ಪಿತು, ತಿಳಿಯುವ ದಾರಿಯೇ ಇರಲಿಲ್ಲ. ಪ್ರಶ್ನೆಪತ್ರಿಕೆಯನ್ನೂ ಒಳಗೇ ವಾಪಸು ತೆಗೆದುಕೊಳ್ಳುತ್ತಿದ್ದರು. ವೈನಿಗೆ ಹೋದದ್ದು ಇಂಗ್ಲಿಷಿನಲ್ಲಿ ಇರಬಹುದು, ಅದರಲ್ಲೂ ಅವರು ಗಟ್ಟಿಯಿರಲಿಲ್ಲ. ಬರವಣಿಗೆಯ ಪತ್ರಿಕೆಯಲ್ಲಿ ಇರಬಹುದು. ಹೀಗೆ ಇರಬಹುದುಗಳನ್ನು ನಾನು ಬಹಳ ಕಾಲ ಕೂಡಿಹಾಕಿದ್ದೇನೆ, ಅವರ ತಪ್ಪಿನ ಪುಸ್ತಕದಲ್ಲಿ ಕೂಡಿಸಿದ ಹಾಗೆಯೇ.

ನಾನು ಕೆಲಸಕ್ಕೆ ಸೇರಿದೆ. ವೈನಿ ಮೂರ್ನಾಲ್ಕು ವರ್ಷ ಒಂದು ನರ್ಸರಿ ಶಾಲೆಯಲ್ಲಿ ಪಾಠ ಹೇಳಿದರು, ಮಕ್ಕಳಾದ ಮೇಲೆ ಬಿಟ್ಟರು. ಅವರು ಬೇಸರದಲ್ಲಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ, ಸುಖವಾಗಿದ್ದರು ಎಂದರೂ. ನನ್ನ ಬ್ಯಾಂಕಿಗೆ ಒಂದೆರಡು ಸಲ ಬಂದರು. ಕೌಂಟರಿನ ಹೊರಗೆ ನಿಂತು ಫಾರಂ ತುಂಬಿದರು. ನಾನು ಒಳಗಿದ್ದೆ. ಚಹಾ ತರಿಸಿದೆ, ಕುಡಿದು ಹೋದರು.

ಬಹಳ ವರ್ಷಗಳ ನಂತರ, ಯಲಹಂಕದಲ್ಲಿ ಅವರ ಮನೆಯ ಗೃಹಪ್ರವೇಶ ಆಗಿ ಸ್ವಲ್ಪ ದಿನಕ್ಕೆ, ಕೊನೆಗೂ ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು.

‘ವೈನಿ, ಹೆಬ್ಬಾಳದ ಪರೀಕ್ಷೆ ನೆನಪೈತೇನ್ರೀ? ಒಂದು ಹಾಳಿ ಮಾಡಿದ್ವಲ್ಲ. ದ್ಯಾನ್ ಅಂತ.’

‘ಯಾವ ಹಾಳಿ?’

‘ರಿವಿಷನ್ ಹಾಳಿ. ನೀವು ಅದರಾಗ ಏಣಿ ಬರದಿದ್ರಿ.’

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದರು. ಪ್ರಾಮಾಣಿಕವಾಗಿ ಯೋಚಿಸಿದರು ಎಂದೇ ನನ್ನ ಭಾವನೆ. ‘ಹಾಳಿ ನೆನಪಿಲ್ಲಪಾ. ಪರೀಕ್ಷಾ ಕೋಣ್ಯಾಗ ಕಾಯಾಕ ನಿಂತಿದ್ದಂವಗ ನೆಗಡಿ ಆಗಿತ್ತು. ಮೂರು ತಾಸೂ ಸೊರ್ ಸೊರ್ ಅಂದ. ಅದೊಂದು ನೆನಪೈತಿ.’ ಮತ್ತೆ, ‘ಯಾಕ, ಈಗ ಏನಾತು ಅದರದು?’

‘ಏನಿಲ್ರೀ’ ಎಂದೆ. ಅವರು ಅವರೆಕಾಯಿಯ ಇನ್ನೊಂದು ಹಿಡಿಯನ್ನು ನನ್ನ ಮುಂದೆ ಸರಿಸಿದರು, ನಾನೂ ಸುಲಿದೆ.

ಆ ಏಣಿಯನ್ನು ಅವರು ಯಾವಾಗ ಬರೆದರು ಎಂಬುದು ನನಗೆ ಗೊತ್ತಿಲ್ಲ. ಪರೀಕ್ಷೆಗೆ ಮುಂಚೆ, ನನ್ನ ನಿಯಮವನ್ನು ಅರ್ಥ ಮಾಡಿಕೊಳ್ಳಲು ಬರೆದಿರಬಹುದು. ಹೀಗೆ ಮಾಡಬಾರದು ಎಂದು ತಮಗೆ ತಾವೇ ತೋರಿಸಿಕೊಳ್ಳಲೂ ಬರೆದಿರಬಹುದು. ಹಾಗಿದ್ದರೆ ಅದರ ಮೇಲೆ ಒಂದು ತಪ್ಪು ಗುರುತು ಇರಬೇಕಿತ್ತು, ಇತ್ತೇ ಎಂದು ನೆನಪಾಗುವುದಿಲ್ಲ. ಹಾಳೆಯನ್ನು ನಾನು ಎಲ್ಲಿಟ್ಟೆನೋ, ಹರಿದೆನೋ ಅದೂ ಗೊತ್ತಿಲ್ಲ. ಹೆಬ್ಬಾಳದ ಆ ಕೋಣೆಯಲ್ಲಿ ಅವರು ಯಾರನ್ನು ಮೇಲೆ ಬರೆದರು, ಯಾರನ್ನು ಕೆಳಗೆ ಬರೆದರು ಎಂಬುದು ನನಗೆ ಗೊತ್ತಿಲ್ಲ.